ಲಾರಿ ಬಾಡಿಗೆ ಸರಿಯಾಗಿ ಹೇಳಿದ್ದಾರಾ? ಚಳ್ಳಕೆರೆ–ಮೊಳಕಾಲ್ಮೂರು ಭಾಗದವರು ಲೆಕ್ಕ ಹಾಕೋದು ಹೀಗೆ

ಚಳ್ಳಕೆರೆ: ಈರುಳ್ಳಿ ಕಿತ್ತು, ಒಣಗಿಸಿ, ಚೀಲ ತುಂಬಿ ಹೊಲಿದು ರಸ್ತೆ ಬದಿಗೆ ಜೋಡಿಸಿದ ಮೇಲೆ ರೈತನಿಗೆ ಬಾಡಿಗೆ ಚೌಕಾಸಿ ಮಾಡೋಕೆ ಟೈಮ್ ಇರಲ್ಲ. ಮೋಡ ಕವಿದರೆ ಅದೂ ಇಲ್ಲ. ಬ್ರೋಕರ್ ಫೋನಲ್ಲಿ ಹೇಳಿದ ರೇಟಿಗೆ ‘ಆಯ್ತು ಕಳ್ಸಣ್ಣ’ ಅನ್ನೋದೇ ಹೆಚ್ಚು. ಆಮೇಲೆ ಪಕ್ಕದ ಊರಿನವರು ಅದೇ ದಿನ, ಅದೇ ಯಶವಂತಪುರಕ್ಕೆ ಐದು ಸಾವಿರ ಕಡಿಮೆಗೆ ಕಳಿಸಿದ್ದು ಗೊತ್ತಾದಾಗ ‘ನಮಗೆ ಟೋಪಿ ಹಾಕಿದ್ರು’ ಅನ್ನಿಸುತ್ತದೆ.

ಟೋಪಿ ಹಾಕಿರಲೂಬಹುದು, ಹಾಕದೇ ಇರಲೂಬಹುದು. ಒಂದೇ ದಿನ, ಒಂದೇ ರಸ್ತೆಗೆ ಎರಡು ರೇಟು ಇದ್ದು ಎರಡೂ ಸರಿಯಾಗಿರುವುದು ಲಾರಿ ವ್ಯವಹಾರದಲ್ಲಿ ಮಾಮೂಲು. ವ್ಯತ್ಯಾಸ ಇರೋದು ಒಂದೇ ಪ್ರಶ್ನೆಯಲ್ಲಿ: ನಿಮ್ಮ ಮಾಲು ಇಳಿಸಿದ ಮೇಲೆ ಆ ಗಾಡಿ ಖಾಲಿ ವಾಪಸ್ ಬರುತ್ತಾ, ಇಲ್ಲ ತನ್ನ ಊರಿಗೇ ಹೋಗ್ತಾ ಇದೆಯಾ?

ಖಾಲಿ ಓಡಾಟದ ದುಡ್ಡು ಯಾರ ತಲೆಗೆ?

ಒಂದು ಉದಾಹರಣೆ ತೆಗೆದುಕೊಳ್ಳೋಣ. ತಳಕು ಕಡೆಯ ರೈತರೊಬ್ಬರ ಹತ್ತಿರ 50 ಕೆ.ಜಿ.ಯ 200 ಚೀಲ ಈರುಳ್ಳಿ ಇದೆ, ಅಂದರೆ 10 ಟನ್. ಇದಕ್ಕೆ ಆರು ಚಕ್ರದ ಲಾರಿ ಒಂದು ಸಾಕು. ಬೆಂಗಳೂರಿಗೆ ಸುಮಾರು 200 ಕಿ.ಮೀ. ಎಂದು ಹಿಡಿಯಿರಿ. ಈ ಕೆಳಗಿನ ಅಂಕಿಗಳೆಲ್ಲ ಲೆಕ್ಕಕ್ಕಾಗಿ ಹಿಡಿದವು. ಡೀಸೆಲ್ ದರ, ಟೋಲ್ ಬದಲಾದಂತೆ ನೀವೇ ಬದಲಿಸಿಕೊಳ್ಳಬೇಕು.

ಲೋಡ್ ಇದ್ದಾಗ ಇಂಥ ಲಾರಿ ಲೀಟರಿಗೆ 5 ಕಿ.ಮೀ. ಆಸುಪಾಸು ಓಡುತ್ತದೆ, ಖಾಲಿ ಇದ್ದಾಗ 7. ಹೋಗೋದಕ್ಕೆ 40 ಲೀಟರ್, ಖಾಲಿ ಬರೋದಕ್ಕೆ 29 ಲೀಟರ್ ಬೇಕು. ಡೀಸೆಲ್ 91 ರೂಪಾಯಿ ಅಂದರೆ ಹೋಗಲು 3,640, ಬರಲು ಸುಮಾರು 2,600. ಟೋಲ್ ಒಂದು ಕಡೆಗೆ 1,000 ಇಟ್ಟುಕೊಳ್ಳಿ. ಡ್ರೈವರ್, ಕ್ಲೀನರ್ ಬಾಟಾ ದಿನಕ್ಕೆ 750. ಇನ್ನು ಲಾರಿ ನಿಂತರೂ ಓಡಿದರೂ ಮಾಲೀಕ ಕಟ್ಟಲೇಬೇಕಾದ ಕಂತು, ಇನ್ಶೂರೆನ್ಸ್, ಟ್ಯಾಕ್ಸ್, ಜೊತೆಗೆ ಟೈರ್ ಸವೆತ ಸೇರಿ ದಿನಕ್ಕೆ 2,500 ಅನ್ನಿ.

ಚಳ್ಳಕೆರೆಯದೇ ಲಾರಿ ಹೋಗಿ ಖಾಲಿ ಬಂದರೆ ಎರಡು ದಿನದ ಕೆಲಸ. ಎಲ್ಲಾ ಕೂಡಿಸಿದರೆ 14,740 ಆಗುತ್ತದೆ. ಬ್ರೋಕರ್ ಕಮಿಷನ್, ಮಾಲೀಕನ ಲಾಭ ಅಂತ ಇನ್ನೊಂದು ಹತ್ತು ಪರ್ಸೆಂಟ್ ಸೇರಿಸಿದರೆ 16,200ರ ಹತ್ತಿರ ಬಂತು. ಇದು ಮೇಲಿನ ಗೆರೆ. ಚೀಲಕ್ಕೆ 81 ರೂಪಾಯಿ.

ಅದೇ ಲಾರಿ ಬೆಂಗಳೂರಿನದಾಗಿದ್ದು, ಬಳ್ಳಾರಿಯಲ್ಲಿ ಗೊಬ್ಬರ ಇಳಿಸಿ ಊರಿಗೆ ಹೊರಟಿದೆ ಅನ್ನಿ. ಅದು ಹೇಗೂ ಹೋಗಲೇಬೇಕು. ಒಂದು ಕಡೆಯ ಡೀಸೆಲ್, ಒಂದು ಕಡೆಯ ಟೋಲ್, ಒಂದು ದಿನದ ಬಾಟಾ ಮತ್ತು ಕಂತು ಸೇರಿ 7,890. ಹತ್ತು ಪರ್ಸೆಂಟ್ ಹಾಕಿದರೆ 8,700. ಇದು ಕೆಳಗಿನ ಗೆರೆ. ಚೀಲಕ್ಕೆ 43–44 ರೂಪಾಯಿ.

ಸರಿಯಾದ ಬಾಡಿಗೆ ಈ ಎರಡು ಗೆರೆಗಳ ನಡುವೆ ಎಲ್ಲೋ ಇರುತ್ತದೆ. ಈರುಳ್ಳಿ ಮತ್ತು ಶೇಂಗಾ ಒಟ್ಟಿಗೆ ಬರುವ ಅಕ್ಟೋಬರ್ ಹೊತ್ತಿಗೆ ಲಾರಿಗೆ ಕಿತ್ತಾಟ ಇರುತ್ತದೆ, ರೇಟು ಮೇಲಿನ ಗೆರೆ ಮುಟ್ಟುತ್ತದೆ, ದಾಟುವುದೂ ಉಂಟು. ಕೆಲಸ ಇಲ್ಲದ ತಿಂಗಳಲ್ಲಿ ಕೆಳಗೆ ಇಳಿಯುತ್ತದೆ. ಮಾರುಕಟ್ಟೆಯಲ್ಲಿ ಚೀಲಕ್ಕೆ ಸಾವಿರ ಸಿಗುವ ದಿನ ಈ 37 ರೂಪಾಯಿ ವ್ಯತ್ಯಾಸ ಯಾರೂ ಕೇಳಲ್ಲ. ಚೀಲಕ್ಕೆ 300 ಸಿಗುವ ವರ್ಷ ಅದೇ ದುಡ್ಡು ಬೀಜದ ಸಾಲ ತೀರುತ್ತೋ ಇಲ್ಲವೋ ಅನ್ನೋದನ್ನ ತೀರ್ಮಾನ ಮಾಡುತ್ತದೆ.

2025ರ ಏಪ್ರಿಲ್‌ನಲ್ಲಿ ರಾಜ್ಯ ಸರ್ಕಾರ ಡೀಸೆಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 18.44ರಿಂದ 21.17ಕ್ಕೆ ಏರಿಸಿದಾಗ ಲೀಟರಿಗೆ ಎರಡು ರೂಪಾಯಿ ಜಾಸ್ತಿ ಆಯ್ತು, ಲಾರಿ ಮಾಲೀಕರು ಮುಷ್ಕರವನ್ನೂ ಮಾಡಿದರು. ‘ಡೀಸೆಲ್ ಏರಿದೆ, ಅದಕ್ಕೇ ಬಾಡಿಗೆ ಎರಡು ಸಾವಿರ ಜಾಸ್ತಿ’ ಅಂತ ಯಾರಾದರೂ ಹೇಳಿದರೆ ಮೇಲಿನ ಲೆಕ್ಕಕ್ಕೆ ಹಾಕಿ ನೋಡಿ. ಹೋಗಿ ಬರಲು 69 ಲೀಟರ್, ಲೀಟರಿಗೆ ಎರಡು ರೂಪಾಯಿ ಅಂದರೆ 138 ರೂಪಾಯಿ ಅಷ್ಟೇ.

ನಾಲ್ಕು ರೇಟು, ನಾಲ್ಕು ಕಥೆ

ಇದೇ 200 ಚೀಲಕ್ಕೆ ನಾಲ್ಕು ಕಡೆಯಿಂದ ರೇಟು ಬಂತು ಅಂದುಕೊಳ್ಳಿ. ಊರಿನ ಬ್ರೋಕರ್ 15,500 ಹೇಳುತ್ತಾರೆ. ಲಾರಿ ಕೆಎ–16, ಚಿತ್ರದುರ್ಗ ಜಿಲ್ಲೆಯದು, ವಾಪಸ್ ಲೋಡ್ ಖಾತ್ರಿ ಇಲ್ಲ. ಇದು ಮೋಸದ ರೇಟಲ್ಲ, ಲಾರಿ ಖಾಲಿ ಬರುವ ಖರ್ಚನ್ನು ನಿಮ್ಮಿಂದ ಪಡೆಯುತ್ತಿದ್ದಾರೆ. ಆದರೆ ಆ ಲಾರಿಗೆ ಬೆಂಗಳೂರಿಂದ ವಾಪಸ್ ಲೋಡ್ ಮೊದಲೇ ಬುಕ್ ಆಗಿದ್ದರೆ ಅದೇ 15,500 ದುಬಾರಿ. ಡ್ರೈವರ್‌ಗೆ ‘ಅಣ್ಣ, ಅಲ್ಲಿಂದ ಏನು ತುಂಬ್ಕೊಂಡು ಬರ್ತೀರಾ?’ ಅಂತ ಚಹಾ ಕುಡಿಯುವಾಗ ಕೇಳಿದರೆ ಸಾಮಾನ್ಯವಾಗಿ ನಿಜವೇ ಹೇಳುತ್ತಾರೆ.

ಎರಡನೆಯದು ಆ್ಯಪ್‌ನಲ್ಲಿ ಬಂದ 10,000. ಬ್ಲ್ಯಾಕ್‌ಬಕ್, ವಾಹಕ್ ಥರದ ಆ್ಯಪ್‌ಗಳಲ್ಲಿ ಲೋಡ್ ಹಾಕಿದರೆ ಲಾರಿಯವರು ನೋಡಿ ಸಂಪರ್ಕ ಮಾಡುತ್ತಾರೆ. ಇಷ್ಟು ಕಡಿಮೆ ರೇಟು ಬಂದರೆ ಗಾಡಿ ಈಗ ಎಲ್ಲಿದೆ ಎಂದು ಮೊದಲು ಕೇಳಿ. ಬಳ್ಳಾರಿಯಿಂದ ಬೆಂಗಳೂರಿಗೆ ವಾಪಸ್ ಹೋಗುವ ಗಾಡಿಯಾದರೆ 150ಎ ಹೆದ್ದಾರಿಯಲ್ಲಿ ತಳಕು, ಚಳ್ಳಕೆರೆ ಮೇಲೇ ಹಾದು ಹಿರಿಯೂರು ಸೇರಬೇಕು. ಹಾಗಾದರೆ 10,000 ನಂಬುವಂಥ ರೇಟು. ಇದರ ತೊಂದರೆ ದುಡ್ಡಿನದಲ್ಲ, ಟೈಮಿನದು. ದಾರಿಯಲ್ಲಿ ಅವರಿಗೆ 500 ಜಾಸ್ತಿ ಕೊಡುವವರು ಸಿಕ್ಕರೆ ನಿಮ್ಮ ಊರಿಗೆ ಬರೋದೇ ಇಲ್ಲ. ಚೀಲ ರಸ್ತೆಯಲ್ಲಿ ಒಂದು ರಾತ್ರಿ ಉಳಿಯುತ್ತದೆ.

ಮೂರನೆಯವರು ಟನ್‌ಗೆ 1,300 ಅನ್ನುತ್ತಾರೆ. 10 ಟನ್‌ಗೆ 13,000, ಚೆನ್ನಾಗಿದೆ ಅನ್ನಿಸುತ್ತದೆ. ಇಳಿಸಿದ ಮೇಲೆ ‘ಕನಿಷ್ಠ 12 ಟನ್ ಲೆಕ್ಕ’ ಅಂತಾರೆ, 15,600 ಆಗುತ್ತದೆ. ಟನ್ ಲೆಕ್ಕದ ರೇಟು ಬಂದಾಗಲೆಲ್ಲ ಕನಿಷ್ಠ ಎಷ್ಟು ಟನ್ ಎಂದು ಮೊದಲೇ ಕೇಳಬೇಕು.

ನಾಲ್ಕನೆಯದು 7,000. ಕೆಳಗಿನ ಗೆರೆಗಿಂತಲೂ ಕೆಳಗೆ. ಡೀಸೆಲ್, ಟೋಲ್, ಬಾಟಾಗೇ 5,390 ಹೋಗುವಾಗ ಮಾಲೀಕ ದಿನದ ಕಂತೂ ಹುಟ್ಟದ ರೇಟಿಗೆ ಯಾಕೆ ಬರುತ್ತಾನೆ? ಬೇರೆಯವರ ಮಾಲಿನ ಮೇಲೆ ನಿಮ್ಮ ಮಾಲನ್ನೂ ಹೇರುತ್ತಿರಬಹುದು. ಇಲ್ಲವೇ ಲೋಡ್ ಮಾಡಿದ ಮೇಲೆ ತಾಟು, ಹಗ್ಗ, ಡ್ರೈವರ್ ಖುಷಿ ಅಂತ ಒಂದೊಂದೇ ಕೇಳುತ್ತಾರೆ. ಇನ್ನೂ ಕೆಟ್ಟದ್ದು, ಗಾಡಿ ಬರುವ ಮೊದಲೇ ‘ಡೀಸೆಲ್‌ಗೆ ಮೂರು ಸಾವಿರ ಫೋನ್‌ಪೇ ಮಾಡಿ’ ಅನ್ನೋದು. ದುಡ್ಡು ಹೋದ ಮೇಲೆ ಫೋನ್ ಸ್ವಿಚ್ ಆಫ್. ಅಡ್ವಾನ್ಸ್ ಕೊಡೋದು ವಾಡಿಕೆಯೇ, ಆದರೆ ಲೋಡ್ ಆಗಿ ಗಾಡಿ ಹೊರಡುವಾಗ. ಗಾಡಿ ನೋಡದೆ ಕೊಡೋದು ಬೇಡ.

ಗಾಡಿ ನಂಬರ್ ಸಿಕ್ಕರೆ mParivahan ಆ್ಯಪ್‌ನಲ್ಲಿ ಹಾಕಿದರೆ ಫಿಟ್‌ನೆಸ್, ಇನ್ಶೂರೆನ್ಸ್ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಆರ್‌ಸಿಯಲ್ಲಿ ಒಟ್ಟು ತೂಕ, ಖಾಲಿ ತೂಕ ಎರಡೂ ಇರುತ್ತವೆ. ಮೊದಲನೆಯದರಲ್ಲಿ ಎರಡನೆಯದನ್ನು ಕಳೆದರೆ ಬರುವುದೇ ಹೇರಬಹುದಾದ ಮಾಲು. ‘ಅದೇ ಬಾಡಿಗೆಗೆ 14 ಟನ್ ಹಾಕಿ ಪರ್ವಾಗಿಲ್ಲ’ ಅನ್ನುವ ಗಾಡಿಯ ಅಗ್ಗದ ರೇಟು ಓವರ್‌ಲೋಡ್‌ನಿಂದ ಬಂದದ್ದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಇದಕ್ಕೆ ದಂಡ 20,000, ಜೊತೆಗೆ ಹೆಚ್ಚಿನ ಪ್ರತಿ ಟನ್‌ಗೆ 2,000. ಹೆಚ್ಚುವರಿ ಮಾಲನ್ನು ಇಳಿಸಿಯೇ ಗಾಡಿ ಬಿಡಬೇಕು ಅಂತಲೂ ಇದೆ. ದಾರಿ ಮಧ್ಯೆ ಇಳಿಸಿದ ಈರುಳ್ಳಿ ಯಾರ ಪಾಲೋ.

ಮೊಳಕಾಲ್ಮೂರಿನವರ ಲೆಕ್ಕ ಬೇರೆ

ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಲಾರಿ ಬೇಕಿಲ್ಲ, ಪಾರ್ಸೆಲ್‌ನಲ್ಲಿ ಹೋಗುತ್ತದೆ. ಆದರೆ ಶೇಂಗಾ, ಈರುಳ್ಳಿ, ಹುಣಸೆಹಣ್ಣು ಕಳಿಸುವವರಿಗೆ ಇಲ್ಲೊಂದು ಹೆಚ್ಚುವರಿ ಖರ್ಚು ಇದೆ. ಊರಲ್ಲಿ ಲಾರಿ ಸಿಗದಿದ್ದರೆ ಚಳ್ಳಕೆರೆಯಿಂದ ಸುಮಾರು 50 ಕಿ.ಮೀ. ಖಾಲಿ ಬಂದು, ಲೋಡ್ ಆಗಿ ಅದೇ ದಾರಿಯಲ್ಲಿ ವಾಪಸ್ ಚಳ್ಳಕೆರೆ ದಾಟಬೇಕು. ಡೀಸೆಲ್ ಒಂದೇ 1,560 ರೂಪಾಯಿ ಹೆಚ್ಚಾಗುತ್ತದೆ. ಹಾಗಾಗಿ ಚಳ್ಳಕೆರೆ ರೇಟಿಗಿಂತ ಎರಡು ಸಾವಿರದವರೆಗೆ ಜಾಸ್ತಿ ಕೇಳಿದರೆ ಒಪ್ಪಬಹುದು, ಐದು ಸಾವಿರ ಕೇಳಿದರೆ ಒಪ್ಪೋದು ಬೇಡ. ಹೆದ್ದಾರಿ ಮೇಲೇ ಇರುವ ರಾಂಪುರ, ಬಿ.ಜಿ.ಕೆರೆಯವರಿಗೆ ಬಳ್ಳಾರಿಯಿಂದ ಖಾಲಿ ಬರುವ ಗಾಡಿ ಸಿಕ್ಕರೆ ಈ ಹೆಚ್ಚುವರಿ ಕೊಡುವ ಅಗತ್ಯವೇ ಇಲ್ಲ. ಕೆಲವರು ಚೀಲಗಳನ್ನು ಟ್ರ್ಯಾಕ್ಟರ್‌ನಲ್ಲಿ ಹೆದ್ದಾರಿಗೆ ತಂದು ಅಲ್ಲೇ ಲೋಡ್ ಮಾಡಿಸೋದು ಇದಕ್ಕೇ. ಆದರೆ ಎರಡು ಸಲ ಹಮಾಲಿ ಆಗುತ್ತದೆ, ಅದನ್ನೂ ಕೂಡಿಸಿ ನೋಡಬೇಕು.

ಗಡಿ ಪಕ್ಕದಲ್ಲೇ ಇರೋದರಿಂದ ರಾಯದುರ್ಗದ ಎಪಿ ನಂಬರ್ ಲಾರಿ ಕಡಿಮೆಗೆ ಬರ್ತೀನಿ ಅನ್ನಬಹುದು. ಬೇರೆ ರಾಜ್ಯದ ನ್ಯಾಷನಲ್ ಪರ್ಮಿಟ್ ಗಾಡಿ ಕರ್ನಾಟಕದ ಒಂದು ಊರಲ್ಲಿ ತುಂಬಿ ಕರ್ನಾಟಕದ ಇನ್ನೊಂದು ಊರಲ್ಲಿ ಇಳಿಸುವಂತಿಲ್ಲ. ಮೊಳಕಾಲ್ಮೂರಿಂದ ಹೈದರಾಬಾದಿಗಾದರೆ ಸರಿ, ಬೆಂಗಳೂರಿಗಾದರೆ ಆರ್‌ಟಿಒ ಹಿಡಿದಾಗ ಮಾಲು ಗಾಡಿಯಲ್ಲೇ ಕೊಳೆಯುತ್ತದೆ.

ಲೋಡ್ ಮಾಡೋ ಮುಂಚೆ ಮಾತಾಡಬೇಕಾದ್ದು

ರೇಟು ಒಪ್ಪಿದ ಮೇಲೂ ಜಗಳ ಆಗೋದು ಅದರಲ್ಲಿ ಏನು ಸೇರಿದೆ ಅನ್ನೋದಕ್ಕೆ. ಟೋಲ್ ಸೇರಿದೆಯಾ, ಎರಡೂ ಕಡೆಯ ಹಮಾಲಿ ಯಾರದು, ಯಶವಂತಪುರದಲ್ಲಿ ಕ್ಯೂ ಇದ್ದು ಮರುದಿನ ಇಳಿಸಿದರೆ ಹಾಲ್ಟಿಂಗ್ ಎಷ್ಟು, ಇಷ್ಟನ್ನು ವಾಟ್ಸ್ಆ್ಯಪ್‌ನಲ್ಲಿ ಬರೆದು ಬ್ರೋಕರ್‌ನಿಂದ ‘ಓಕೆ’ ತರಿಸಿಕೊಂಡರೆ ಸಾಕು. ಬರೀ ಫೋನ್ ಮಾತು ಅಲ್ಲಿ ನಡೆಯಲ್ಲ. ಈರುಳ್ಳಿ ಬಾಡಿಗೆ ಮೇಲೆ ಜಿಎಸ್‌ಟಿ ಅಂತ ಸೇರಿಸಿದರೆ ಪ್ರಶ್ನೆ ಮಾಡಿ. ಕೃಷಿ ಉತ್ಪನ್ನದ ಲಾರಿ ಸಾಗಣೆಗೆ ಜಿಎಸ್‌ಟಿ ವಿನಾಯಿತಿ ಇದೆ. ಶೇಂಗಾ ಎಣ್ಣೆಗೆ ಈ ವಿನಾಯಿತಿ ಇಲ್ಲ.

ಬ್ರೋಕರ್ ಎಷ್ಟು ಇಟ್ಟುಕೊಂಡರು ಅನ್ನೋದು ಗೊತ್ತಾಗುವುದು ಬಾಕಿ ಹಣ ಕೊಡುವಾಗ. ನೀವು 15,500ಕ್ಕೆ ಒಪ್ಪಿ 10,000 ಅಡ್ವಾನ್ಸ್ ಬ್ರೋಕರ್ ಕೈಗೆ ಕೊಟ್ಟಿದ್ದೀರಿ ಅನ್ನಿ. ಯಶವಂತಪುರದಲ್ಲಿ ಡ್ರೈವರ್ 5,500 ತಗೊಂಡು, ‘ನಮಗೆ ಒಟ್ಟು 12,500ಕ್ಕೆ ಮಾತಾಡಿದ್ದು’ ಅಂದರೆ ಮಧ್ಯದಲ್ಲಿ 3,000 ನಿಂತಿದೆ. ಐನೂರು, ಸಾವಿರ ಕಮಿಷನ್ ಅವರ ದುಡಿಮೆ. ಅರ್ಧ ರಾತ್ರಿ ಗಾಡಿ ಕೈಕೊಟ್ಟರೆ ಬೇರೆ ಗಾಡಿ ಕಳಿಸೋದು ಆ್ಯಪ್ ಅಲ್ಲ, ಅವರೇ. ಮೂರು ಸಾವಿರ ಅಂದರೆ ಮುಂದಿನ ಲೋಡಿಗೆ ಇನ್ನೊಬ್ಬ ಬ್ರೋಕರ್‌ಗೂ ಒಂದು ಫೋನ್ ಹಾಕಬೇಕು.