ಕನ್ನಡ ಲಿಪಿಯ ಜಾಲವಿಳಾಸವನ್ನು ಎಷ್ಟು ನಂಬಬಹುದು?

ಕನ್ನಡದಲ್ಲಿ ಬರೆದ ಜಾಲವಿಳಾಸ ಕೆಲಸ ಮಾಡುತ್ತದೆ. ಆದರೆ ಅಂತರಜಾಲದ ಒಳಗೆ ಸಾಗುವುದು ಕನ್ನಡ ಅಕ್ಷರಗಳಲ್ಲ. ಜಾಲತಾಣಗಳ ಹೆಸರಿನಲ್ಲಿ ಮೊದಲಿನಿಂದಲೂ ಇಂಗ್ಲಿಷ್ ಅಕ್ಷರ, ಅಂಕಿ ಮತ್ತು ಅಡ್ಡಗೆರೆಗೆ ಮಾತ್ರ ಜಾಗವಿತ್ತು. 2003ರಲ್ಲಿ ಬಂದ ಪ್ಯೂನಿಕೋಡ್ ಈ ವ್ಯವಸ್ಥೆಯನ್ನು ಕದಲಿಸದೆ ದಾರಿ ಮಾಡಿತು. ನಾವು ಕನ್ನಡದಲ್ಲಿ ಟೈಪಿಸಿದ್ದನ್ನು ಬ್ರೌಸರ್ xn-- ಎಂದು ಶುರುವಾಗುವ ಸಂಕೇತಕ್ಕೆ ತಿರುಗಿಸುತ್ತದೆ. ಹೀಗೆ .ಭಾರತ ಎಂಬುದು xn--2scrj9c ಆಗುತ್ತದೆ.

ಆ ಮೊದಲ ನಿಯಮ ಕನ್ನಡಕ್ಕೆ ಪೂರ್ತಿ ಹೊಂದಲಿಲ್ಲ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ವೇ’ ಒತ್ತಕ್ಷರವಾಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಚಿಹ್ನೆ ಇದೆ. 2003ರ ನಿಯಮ ಅದನ್ನು ಕಿತ್ತು ಹಾಕುತ್ತಿತ್ತು. 2010ರ ಪರಿಷ್ಕರಣೆ ಹಲಂತದ ನಂತರ ಅದಕ್ಕೆ ಅವಕಾಶ ಕೊಟ್ಟಿತು. ಬ್ರೌಸರುಗಳು ಬೇರೆ ಬೇರೆ ಕಾಲಕ್ಕೆ ಹೊಸ ನಿಯಮಕ್ಕೆ ಬಂದವು, ಕ್ರೋಮ್ ಬಂದದ್ದು 2023ರಲ್ಲಿ. ಅಲ್ಲಿಯವರೆಗೆ ಒಂದೇ ಬರಹ ಎರಡು ಬ್ರೌಸರುಗಳಲ್ಲಿ ಎರಡು ವಿಳಾಸವಾಗುವ ಸಾಧ್ಯತೆ ಇತ್ತು. ಹೆಸರು ಆರಿಸುವವರು ಈ ಚಿಹ್ನೆ ಬೇಕಾಗದ ಪದವನ್ನೇ ಆರಿಸುವುದು ಕ್ಷೇಮ.

ನಂಬಿಕೆಯ ಪ್ರಶ್ನೆ ಇದಕ್ಕಿಂತ ಗಂಭೀರ. 2017ರಲ್ಲಿ ಸಂಶೋಧಕರೊಬ್ಬರು ಸಿರಿಲಿಕ್ ಅಕ್ಷರಗಳಲ್ಲೇ apple.com ಎಂದು ಕಾಣುವ ವಿಳಾಸ ನೋಂದಾಯಿಸಿ ತೋರಿಸಿದರು. ಬೇರೆ ಬೇರೆ ಲಿಪಿ ಬೆರೆತರೆ ಬ್ರೌಸರ್ xn-- ರೂಪವನ್ನು ತೋರಿಸಿ ಎಚ್ಚರಿಸುತ್ತದೆ. ಹೆಸರಿಡೀ ಒಂದೇ ಲಿಪಿಯಲ್ಲಿದ್ದರೆ ಆ ನಿಯಮಕ್ಕೆ ಸಿಕ್ಕುವುದಿಲ್ಲ. ನಮಗೆ ಇಂಥ ಅಪಾಯ ಬರುವುದು ತೆಲುಗು ಲಿಪಿಯಿಂದ. ‘ಜಲ’ ಪದವನ್ನೇ ನೋಡಿ, ಮೊದಲ ಸಾಲು ಕನ್ನಡ, ಎರಡನೆಯದು ತೆಲುಗು:

```
ಜಲ  xn--usc8b
జల  xn--6oc8b
```

ಮೊಬೈಲ್ ಪರದೆಯಲ್ಲಿ ಇವೆರಡನ್ನು ಬಿಡಿಸಿ ಹೇಳುವುದು ಬಲು ಕಷ್ಟ. ಯಂತ್ರಕ್ಕೆ ಮಾತ್ರ ಇವು ಸಂಬಂಧವೇ ಇಲ್ಲದ ಎರಡು ಹೆಸರುಗಳು. ಬೀಗದ ಗುರುತೂ ಇಲ್ಲಿ ಕಾಯುವುದಿಲ್ಲ. ಸಂಪರ್ಕ ಆ ವಿಳಾಸದ ಜೊತೆಗೇ ಆಗಿದೆ ಎಂದಷ್ಟೇ ಅದು ಹೇಳುತ್ತದೆ, ಮೋಸಗಾರನಿಗೂ ಪ್ರಮಾಣಪತ್ರ ಸಿಗುತ್ತದೆ.

ಇದಕ್ಕೆ ಸರಿಯಾದ ತಡೆ ನೋಂದಣಿಯ ಹಂತದಲ್ಲೇ ಬೀಳಬೇಕು ಎಂಬುದು ನನ್ನ ಅಭಿಪ್ರಾಯ. ಬ್ರಾಹ್ಮಿ ಮೂಲದ ಲಿಪಿಗಳ ತಜ್ಞರ ತಂಡ 2019ರಲ್ಲಿ ಐಕಾನ್ ಸಂಸ್ಥೆಗೆ ಕೊಟ್ಟ ಕನ್ನಡದ ನಿಯಮಾವಳಿ ಇದನ್ನೇ ಮಾಡಿತು: ಒಂದೇ ಥರ ಕಾಣುವ ಕನ್ನಡ-ತೆಲುಗು ಅಕ್ಷರಗಳನ್ನು ಜೋಡಿಯಾಗಿ ಗುರುತಿಸಿ, ಒಂದು ಹೆಸರು ಕೊಟ್ಟರೆ ಅದರ ಅವಳಿಯನ್ನು ಬೇರೆಯವರಿಗೆ ಕೊಡಬಾರದು ಎಂದಿತು. ಆದರೆ ಅದು ಅನ್ವಯವಾಗುವುದು .ಭಾರತದಂಥ ಕೊನೆಯ ಭಾಗಕ್ಕೆ ಮಾತ್ರ. ಚುಕ್ಕಿಯ ಎಡಕ್ಕಿರುವ ಹೆಸರಿಗೆ ಆಯಾ ನೋಂದಣಿ ಸಂಸ್ಥೆಯದ್ದೇ ನಿಯಮ.

ಹಾಗಾಗಿ ಹಣ ಅಥವಾ ಪಾಸ್‌ವರ್ಡ್ ಕೇಳುವ ಕನ್ನಡ ವಿಳಾಸ ಸಂದೇಶದಲ್ಲಿ ಬಂದರೆ ಒತ್ತಬೇಡಿ, ನೀವೇ ಕನ್ನಡ ಕೀಲಿಮಣೆಯಲ್ಲಿ ಟೈಪಿಸಿ. ಅನುಮಾನವಿದ್ದರೆ ಕ್ರೋಮ್‌ನ ವಿಳಾಸಪಟ್ಟಿಯಿಂದ ಪೂರ್ತಿ ನಕಲಿಸಿ ಬೇರೆಡೆ ಅಂಟಿಸಿ: xn-- ರೂಪ ಹೊರಬೀಳುತ್ತದೆ. ಅದನ್ನು ಹೋಲಿಸಿ ನೋಡಲು, ಕನ್ನಡ ವಿಳಾಸ ಇಟ್ಟುಕೊಂಡ ಸಂಸ್ಥೆಗಳು ತಮ್ಮ xn-- ರೂಪವನ್ನೂ ಪ್ರಕಟಿಸಬೇಕು.