ಕುಸನೂರ: ಹೊಸ ಕಾರಿಗೆ ಇಎಸ್‌ಸಿ ಬೇಕಾ? ರೊಕ್ಕ ಹಾಕೂದು ಎಲ್ಲಿ, ಬಿಡೂದು ಎಲ್ಲಿ

ಕಲಬುರಗಿ: ಶೋರೂಂನಾಗ "ಸರ್, ಇದರಾಗ ಎಬಿಎಸ್ ಐತಿ" ಅಂತ ವಿಶೇಷವಾಗಿ ಹೇಳಿದರೆ ಅದಕ್ಕೆ ಮರುಳಾಗಬೇಕಿಲ್ಲ. 2019ರ ಏಪ್ರಿಲ್‌ನಿಂದ ದೇಶದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ ಎಬಿಎಸ್ ಕಡ್ಡಾಯ. ಅದರ ಬೆಲೆ ಕಾರಿನ ಬೆಲೆಯಲ್ಲೇ ಸೇರಿದೆ. ಸಣ್ಣ ಕಾರು ಕೊಳ್ಳುವವರು ಕೇಳಬೇಕಾದ ಪ್ರಶ್ನೆ ಒಂದೇ: ಈ ವೇರಿಯಂಟ್‌ನಲ್ಲಿ ಇಎಸ್‌ಸಿ ಐತೇನು? ಕೆಲವು ಕಂಪನಿಗಳು ಇದನ್ನೇ ಇಎಸ್‌ಪಿ ಎನ್ನುತ್ತವೆ.

ಎರಡಕ್ಕೂ ಇರುವ ವ್ಯತ್ಯಾಸ ಕುಸನೂರಿನಿಂದ ಕಮಲಾಪುರದ ಕಡೆಗೆ ಮಳೆಗಾಲದಲ್ಲಿ ಹೊರಟವರಿಗೆ ಬೇಗ ತಿಳಿಯುತ್ತದೆ. ಎದುರಿಗೆ ಲಾರಿ ಬಂತು, ಸೈಡ್ ಕೊಡಲು ಎಡಗಡೆಯ ಗಾಲಿಗಳು ಡಾಂಬರು ಬಿಟ್ಟು ಎರಿ ಮಣ್ಣಿನ ಕೆಸರಿಗೆ ಇಳಿದವು ಅಂದುಕೊಳ್ಳಿ. ಗಾಬರಿಯಾಗಿ ಸ್ಟೇರಿಂಗ್ ಅನ್ನು ಥಟ್ಟನೆ ಬಲಕ್ಕೆ ಎಳೆದರೆ ಕಾರಿನ ಹಿಂಭಾಗ ಜಾರಿ ಗಾಡಿ ಅಡ್ಡ ತಿರುಗುತ್ತದೆ. ಇಲ್ಲಿ ಬ್ರೇಕ್ ತುಳಿದೇ ಇಲ್ಲ, ಹಾಗಾಗಿ ಎಬಿಎಸ್‌ಗೆ ಕೆಲಸವಿಲ್ಲ. ಇಎಸ್‌ಸಿ ಮಾತ್ರ ಸ್ಟೇರಿಂಗ್ ತಿರುಗಿದ ಕೋನಕ್ಕೂ ಕಾರು ನಿಜವಾಗಿ ತಿರುಗುತ್ತಿರುವ ವೇಗಕ್ಕೂ ತಾಳೆ ನೋಡಿ, ಮುಂದಿನ ಎಡಗಾಲಿಗೆ ಒಂದಕ್ಕೇ ತಾನಾಗಿ ಬ್ರೇಕ್ ಹಾಕಿ, ಎಂಜಿನ್ ಶಕ್ತಿಯನ್ನೂ ತಗ್ಗಿಸಿ ಗಾಡಿಯನ್ನು ಸೀದಾ ಮಾಡಲು ನೋಡುತ್ತದೆ.

ಟೈರ್ ಸವೆದು ಬೋಳಾಗಿದ್ದರೆ ಅಥವಾ ವೇಗ ವಿಪರೀತ ಇದ್ದರೆ ಇಎಸ್‌ಸಿಯೂ ಕೈಚೆಲ್ಲುತ್ತದೆ. ರಸ್ತೆಯ ಹಿಡಿತವೇ ಇಲ್ಲದಿದ್ದಾಗ ಅದು ಯಾವ ಗಾಲಿಗೆ ಬ್ರೇಕ್ ಹಾಕಿ ಏನು ಮಾಡೀತು?

ಇನ್ನು ರೊಕ್ಕದ ಮಾತು. ಎರಡು ವೇರಿಯಂಟ್‌ಗಳ ನಡುವೆ 40,000 ರೂ. ವ್ಯತ್ಯಾಸ ಇದ್ದು, ಅಷ್ಟನ್ನೂ ಶೇ 9.5ರ ಬಡ್ಡಿಗೆ ಐದು ವರ್ಷದ ಸಾಲವಾಗಿ ಪಡೆದರೆ ತಿಂಗಳ ಕಂತು ಸುಮಾರು 840 ರೂ. ಹೆಚ್ಚುತ್ತದೆ. ರಸ್ತೆ ತೆರಿಗೆ, ವಿಮೆಯೂ ತುಸು ಏರುತ್ತವೆ, ಆದ್ದರಿಂದ ಆನ್‌ರೋಡ್ ದರವನ್ನೇ ಹೋಲಿಸಬೇಕು. ದೊಡ್ಡ ಸ್ಕ್ರೀನ್, ಅಲಾಯ್ ವೀಲ್ ನಾಳೆ ಹೊರಗಡೆನೂ ಹಾಕಿಸಬಹುದು. ಇಎಸ್‌ಸಿ ಆಮೇಲೆ ಹಾಕಿಸಲು ಬರುವುದಿಲ್ಲ.

ಅಡಾಸ್ ಕಥೆ ಬೇರೆ. ಲೇನ್ ಹಿಡಿದು ನಡೆಸುವ ಕ್ಯಾಮೆರಾಕ್ಕೆ ರಸ್ತೆಯ ಮೇಲೆ ಸ್ಪಷ್ಟ ಗೆರೆ ಬೇಕು. ಅಳಿಸಿದ ಗೆರೆ, ಅಡ್ಡ ಬರುವ ದನ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರ್ ಟ್ರಾಲಿ ಇರುವಲ್ಲಿ ಅದನ್ನು ನಂಬಿ ಕೂರುವಂತಿಲ್ಲ. ಮುಂದಿನ ಗ್ಲಾಸ್ ಒಡೆದು ಬದಲಿಸಿದರೆ ಕ್ಯಾಮೆರಾ ಮರುಹೊಂದಿಸುವ ಖರ್ಚು ಬೇರೆ. ಊರೂರು ತಿರುಗುವ ಸಣ್ಣ ಕಾರಿಗೆ ಸದ್ಯ ಇದಕ್ಕಾಗಿ ಹೆಚ್ಚು ಕೊಡಬೇಕಿಲ್ಲ. ಆ ದುಡ್ಡು ಒಳ್ಳೆಯ ಟೈರ್‌ಗೆ ಇರಲಿ.

ಸೆಕೆಂಡ್‌ಹ್ಯಾಂಡ್ ನೋಡುವವರು ಕೀಲಿ ತಿರುಗಿಸಿದ ಕೂಡಲೇ ಡ್ಯಾಶ್‌ಬೋರ್ಡ್ ಗಮನಿಸಬೇಕು. ಎಬಿಎಸ್ ಹಳದಿ ದೀಪ ಹತ್ತಿ, ಕೆಲ ಕ್ಷಣದಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹತ್ತಲೇ ಇಲ್ಲವೆಂದರೆ ಇನ್ನೂ ಅನುಮಾನ, ಯಾರೋ ದೀಪವನ್ನೇ ಬಂದ್ ಮಾಡಿರಬಹುದು. ಇಎಸ್‌ಸಿ ಇರುವ ಗಾಡಿಯಲ್ಲಿ ಜಾರುವ ಕಾರಿನ ಚಿತ್ರದ ದೀಪಕ್ಕೂ ಇದೇ ಪರೀಕ್ಷೆ.