ಆಂಟಿವೈರಸ್‌ನ ಎಚ್‌ಟಿಟಿಪಿಎಸ್ ತಪಾಸಣೆ ಮತ್ತು ಪ್ರಮಾಣಪತ್ರ ದೋಷಗಳು: ಒಂದು ಚಾರಿತ್ರಿಕ ಅವಲೋಕನ

ತಪಾಸಣೆಯ ವಿಧಾನ

ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿ ಬ್ರೌಸರ್ ಮತ್ತು ಜಾಲತಾಣದ ನಡುವೆ ಹರಿಯುವ ಮಾಹಿತಿಯನ್ನು ಮಧ್ಯದಲ್ಲಿರುವ ಯಾರೂ ಓದಲಾರರು. ಈ ನಿರ್ಬಂಧ ಕಳ್ಳರಿಗೆ ಅನ್ವಯಿಸುವಂತೆ ಅದೇ ಕಂಪ್ಯೂಟರಿನಲ್ಲಿರುವ ಆಂಟಿವೈರಸ್‌ಗೂ ಅನ್ವಯಿಸುತ್ತದೆ. ತಾಣಗಳು ಒಂದೊಂದಾಗಿ ಎಚ್‌ಟಿಟಿಪಿಎಸ್‌ಗೆ ಬದಲಾದಂತೆಲ್ಲ, ಜಾಲದಿಂದ ಬರುವ ಪುಟಗಳನ್ನು ದಾರಿಯಲ್ಲೇ ಪರೀಕ್ಷಿಸುತ್ತಿದ್ದ ಆಂಟಿವೈರಸ್‌ನ ಭಾಗಕ್ಕೆ ನೋಡಲು ಸಿಗುವುದು ಕಡಿಮೆಯಾಗುತ್ತ ಹೋಯಿತು. ಹಲವು ತಯಾರಕರು ಇದಕ್ಕೆ ಕಂಡುಕೊಂಡ ದಾರಿ ಇದು: ಆಂಟಿವೈರಸ್ ತಾನೇ ಬ್ರೌಸರ್ ಮತ್ತು ತಾಣದ ನಡುವೆ ನಿಲ್ಲುವುದು.

ಹಾಗೆ ನಿಂತಾಗ ಒಂದು ಸಂಪರ್ಕದ ಜಾಗದಲ್ಲಿ ಎರಡು ಸಂಪರ್ಕಗಳಾಗುತ್ತವೆ. ತಾಣದೊಂದಿಗೆ ಮಾತನಾಡುವುದು ಆಂಟಿವೈರಸ್. ಬ್ರೌಸರ್ ಮಾತನಾಡುವುದು ಆಂಟಿವೈರಸ್‌ನೊಂದಿಗೆ. ತಾಣದ ನಿಜವಾದ ಪ್ರಮಾಣಪತ್ರ ಆಂಟಿವೈರಸ್‌ನವರೆಗೆ ಮಾತ್ರ ಬರುತ್ತದೆ. ಅದು ಅದೇ ತಾಣದ ಹೆಸರಿನಲ್ಲಿ ಇನ್ನೊಂದು ಪ್ರಮಾಣಪತ್ರವನ್ನು ಸ್ಥಳದಲ್ಲೇ ತಯಾರಿಸಿ, ತನ್ನ ಸಹಿ ಹಾಕಿ ಬ್ರೌಸರಿಗೆ ಕೊಡುತ್ತದೆ. ಈ ಸಹಿಯನ್ನು ಬ್ರೌಸರ್ ನಂಬಬೇಕಾದರೆ ಆಂಟಿವೈರಸ್‌ನ ಮೂಲ ಪ್ರಮಾಣಪತ್ರ ಮೊದಲೇ ನಂಬಿಕೆಯ ಪಟ್ಟಿಯಲ್ಲಿರಬೇಕು. ಆದ್ದರಿಂದ ತಂತ್ರಾಂಶವನ್ನು ಸ್ಥಾಪಿಸುವಾಗಲೇ ಅದು ವಿಂಡೋಸ್‌ನ ಮೂಲ ಪ್ರಮಾಣಪತ್ರಗಳ ಸಂಗ್ರಹಕ್ಕೆ ಸೇರಿಕೊಳ್ಳುತ್ತದೆ.

ಈ ಏರ್ಪಾಟಿನಲ್ಲಿ ತಾಣ ಅಸಲಿಯೇ ಎಂಬ ತೀರ್ಮಾನ ಬ್ರೌಸರಿನ ಕೈತಪ್ಪಿ ಆಂಟಿವೈರಸ್‌ಗೆ ಹೋಗುತ್ತದೆ. ಮುಂದಿನ ವರ್ಷಗಳಲ್ಲಿ ಕಾಣಿಸಿಕೊಂಡ ತೊಂದರೆಗಳು ಎರಡು ಬಗೆಯವು. ಆಂಟಿವೈರಸ್‌ನ ಸಹಿಯನ್ನು ಬ್ರೌಸರ್ ಒಪ್ಪದಿದ್ದರೆ ಪರದೆಯ ಮೇಲೆ ದೋಷಸೂಚನೆ ಬರುತ್ತದೆ. ಆಂಟಿವೈರಸ್ ತಾನೇ ಸರಿಯಾಗಿ ಪರೀಕ್ಷಿಸದಿದ್ದರೆ ಯಾವ ಸೂಚನೆಯೂ ಬರುವುದಿಲ್ಲ.

2015: ಪ್ರಶ್ನೆ ಎದ್ದ ವರ್ಷ

2014ರ ಕೊನೆಯಲ್ಲಿ ಬಂದ ಅವಾಸ್ಟ್‌ನ 2015ರ ಆವೃತ್ತಿಯಲ್ಲಿ ಎಚ್‌ಟಿಟಿಪಿಎಸ್ ತಪಾಸಣೆ ತಾನಾಗಿ ಚಾಲನೆಯಲ್ಲಿರುವ ಸೌಲಭ್ಯವಾಯಿತು. ಅದರೊಂದಿಗೆ ಈ ತಪಾಸಣೆ ಸಾಮಾನ್ಯ ಬಳಕೆದಾರರ ಮನೆಗೂ ಬಂತು.

2015ರ ಫೆಬ್ರವರಿಯಲ್ಲಿ ಲೆನೊವೊ ಲ್ಯಾಪ್‌ಟಾಪ್‌ಗಳ ಸೂಪರ್‌ಫಿಶ್ ಪ್ರಕರಣ ಹೊರಬಿತ್ತು. ಸೂಪರ್‌ಫಿಶ್ ಆಂಟಿವೈರಸ್ ಅಲ್ಲ, ಜಾಹೀರಾತು ತೋರಿಸುವ ತಂತ್ರಾಂಶ. ಆದರೆ ಅದು ಬಳಸಿದ ವಿಧಾನ ಇದೇ, ಮತ್ತು ಅದರ ಸಹಿಯ ಗುಪ್ತಕೀಲಿ ಎಲ್ಲ ಯಂತ್ರಗಳಲ್ಲೂ ಒಂದೇ ಆಗಿತ್ತು. ಒಂದು ಲ್ಯಾಪ್‌ಟಾಪಿನಿಂದ ಕೀಲಿ ತೆಗೆದವನು ಉಳಿದೆಲ್ಲ ಲ್ಯಾಪ್‌ಟಾಪುಗಳ ಮುಂದೆ ಯಾವ ಬ್ಯಾಂಕಿನ ವೇಷವನ್ನಾದರೂ ಹಾಕಬಹುದಿತ್ತು. ಪ್ರಮುಖ ಆಂಟಿವೈರಸ್‌ಗಳು ಪ್ರತಿ ಯಂತ್ರದಲ್ಲೂ ಹೊಸ ಕೀಲಿ ಹುಟ್ಟಿಸುತ್ತಿದ್ದುದರಿಂದ ಈ ದೋಷ ಅವುಗಳಿಗೆ ತಟ್ಟಲಿಲ್ಲ. ಆದರೂ ಸಂಶೋಧಕರ ಕಣ್ಣು ಅವುಗಳತ್ತ ಹೊರಳಿತು.

ಅದೇ ವರ್ಷದ ಏಪ್ರಿಲ್‌ನಲ್ಲಿ ಜರ್ಮನಿಯ ಹಾನೋ ಬ್ಯೋಕ್ ಮೂರು ಆಂಟಿವೈರಸ್‌ಗಳನ್ನು ಪರೀಕ್ಷಿಸಿದರು. ಫ್ರೀಕ್ ಎಂಬ ದಾಳಿ ಮಾರ್ಚ್‌ನಲ್ಲಿ ಬಹಿರಂಗವಾಗಿ, ಬ್ರೌಸರ್‌ಗಳು ಅದಕ್ಕೆ ಪರಿಹಾರ ಕಂಡುಕೊಂಡಿದ್ದವು. ಕ್ಯಾಸ್ಪರ್‌ಸ್ಕಿಯ ತಪಾಸಣೆಯ ಮೂಲಕ ಹಾಯ್ದ ಸಂಪರ್ಕ ಮಾತ್ರ ಇನ್ನೂ ಆ ದಾಳಿಗೆ ತೆರೆದುಕೊಂಡಿತ್ತು. ಬ್ರೌಸರ್ ಎಷ್ಟೇ ಹೊಸದಾದರೂ ತಾಣದೊಂದಿಗೆ ನಿಜವಾಗಿ ಮಾತನಾಡುವ ಆಂಟಿವೈರಸ್ ಹಳತಾಗಿದ್ದರೆ ಪ್ರಯೋಜನವಿಲ್ಲ ಎಂಬುದು ಇಲ್ಲಿ ಸ್ಪಷ್ಟವಾಯಿತು. 2016ರಲ್ಲಿ ಕೆನಡಾದ ಕಾಂಕಾರ್ಡಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 14 ಆಂಟಿವೈರಸ್ ಮತ್ತು ಮಕ್ಕಳ ನಿಗಾ ತಂತ್ರಾಂಶಗಳನ್ನು ಪರೀಕ್ಷಿಸಿದಾಗ, ನಾಲ್ಕು ತಂತ್ರಾಂಶಗಳು ಸ್ಥಾಪಿಸಿದ ಸ್ಥಿತಿಯಲ್ಲೇ ನಕಲಿ ತಾಣವನ್ನು ಅಸಲಿಯೆಂದು ಒಪ್ಪುತ್ತಿದ್ದುದು ಕಂಡುಬಂತು.

32 ಬಿಟ್‌ಗಳ ಪ್ರಕರಣ

ಈ ಎರಡೂ ಬಗೆಯ ತೊಂದರೆ ಒಟ್ಟಿಗೆ ಕಂಡ ಪ್ರಕರಣವನ್ನು ಗೂಗಲ್‌ನ ಪ್ರಾಜೆಕ್ಟ್ ಜೀರೋ ತಂಡದ ಟಾವಿಸ್ ಓರ್ಮಂಡಿ 2016ರ ನವೆಂಬರ್‌ನಲ್ಲಿ ವರದಿ ಮಾಡಿದರು. ಪ್ರತಿ ಸಂಪರ್ಕಕ್ಕೂ ಹೊಸ ಪ್ರಮಾಣಪತ್ರ ತಯಾರಿಸಿದರೆ ವೇಗ ಕುಂಠಿತವಾಗುತ್ತದೆ. ಹಾಗಾಗಿ ಕ್ಯಾಸ್ಪರ್‌ಸ್ಕಿ ಒಮ್ಮೆ ತಯಾರಿಸಿದ್ದನ್ನು ಕಾದಿಟ್ಟು ಮತ್ತೆ ಬಳಸುತ್ತಿತ್ತು. ಹುಡುಕಲು ಬೇಕಾದ ಗುರುತನ್ನು ಮೂಲ ಪ್ರಮಾಣಪತ್ರದ ಕ್ರಮಸಂಖ್ಯೆ ಮತ್ತು ವಿತರಕರ ಹೆಸರಿನಿಂದ ಲೆಕ್ಕ ಹಾಕಿದ ಎಂಡಿ5 ಮೌಲ್ಯದಿಂದ ಪಡೆಯುತ್ತಿತ್ತು. ಎಂಡಿ5 ಮೌಲ್ಯದ ಉದ್ದ 128 ಬಿಟ್. ಅದರಲ್ಲಿ ಬಳಕೆಯಾಗುತ್ತಿದ್ದುದು ಮೊದಲ 32 ಬಿಟ್ ಮಾತ್ರ.

32 ಬಿಟ್‌ಗಳಿಂದ ಸುಮಾರು 429 ಕೋಟಿ ಗುರುತುಗಳು ಸಿಗುತ್ತವೆ. ಇದು ದೊಡ್ಡ ಸಂಖ್ಯೆಯಂತೆ ಕಂಡರೂ, ಸುಮಾರು 77,000 ಪ್ರಮಾಣಪತ್ರಗಳನ್ನು ಒಟ್ಟುಹಾಕಿದರೆ ಅವುಗಳಲ್ಲಿ ಯಾವುದಾದರೂ ಎರಡಕ್ಕೆ ಒಂದೇ ಗುರುತು ಬೀಳುವ ಸಾಧ್ಯತೆ ಅರ್ಧಕ್ಕರ್ಧ. ಓರ್ಮಂಡಿ ನಿಜ ಜಗತ್ತಿನಿಂದಲೇ ಅಂಥ ಜೋಡಿಯೊಂದನ್ನು ತೋರಿಸಿದರು: ಅಮೆರಿಕದ ಕನೆಟಿಕಟ್ ರಾಜ್ಯದ ಮ್ಯಾಂಚೆಸ್ಟರ್ ಪಟ್ಟಣದ ತಾಣ `manchesterct.gov` ಮತ್ತು ಪ್ರೋಗ್ರಾಮರ್‌ಗಳ ಸುದ್ದಿತಾಣ `news.ycombinator.com`. ಕ್ಯಾಸ್ಪರ್‌ಸ್ಕಿ ಇರುವ ಕಂಪ್ಯೂಟರಿನಲ್ಲಿ ಮೊದಲು ಪಟ್ಟಣದ ತಾಣ ತೆರೆದು ಆಮೇಲೆ ಸುದ್ದಿತಾಣಕ್ಕೆ ಹೋದರೆ, ಕಾದಿಟ್ಟ ಸಂಗ್ರಹದಿಂದ ಪಟ್ಟಣದ ಪ್ರಮಾಣಪತ್ರವೇ ಹೊರಬರುತ್ತಿತ್ತು. ಹೆಸರು ಹೊಂದದ ಕಾರಣ ಬ್ರೌಸರ್ ದೋಷ ತೋರಿಸುತ್ತಿತ್ತು. ತಾಣದಲ್ಲಾಗಲಿ ಬ್ರೌಸರಿನಲ್ಲಾಗಲಿ ತಪ್ಪಿರಲಿಲ್ಲ.

ಆಕಸ್ಮಿಕವಾಗಿ ಬಂದ ಈ ದೋಷಸೂಚನೆ ಕಿರಿಕಿರಿಯಷ್ಟೇ. ಅದೇ ಲೋಪವನ್ನು ಉದ್ದೇಶಪೂರ್ವಕವಾಗಿ ಬಳಸಿದರೆ ಯಾವ ದೋಷವೂ ಕಾಣುತ್ತಿರಲಿಲ್ಲ. ಜಾಲದ ನಡುವೆ ನಿಂತ ದಾಳಿಕೋರ ಮೊದಲು ಅಸಲಿ ಇಮೇಲ್ ತಾಣದ ಪ್ರಮಾಣಪತ್ರವನ್ನು ಹಾಯಬಿಡುತ್ತಾನೆ. ಆಂಟಿವೈರಸ್ ಅದನ್ನು ಒಪ್ಪಿ ತನ್ನ ಪ್ರತಿ ತಯಾರಿಸಿ ಕಾದಿಡುತ್ತದೆ. ಮುಂದಿನ ಸಂಪರ್ಕದಲ್ಲಿ ಅದೇ ಗುರುತು ಬೀಳುವ, ತನ್ನದೇ ತಾಣದ ಪ್ರಮಾಣಪತ್ರವನ್ನು ಅವನು ಮುಂದೊಡ್ಡುತ್ತಾನೆ. ಆಂಟಿವೈರಸ್ ಬ್ರೌಸರಿಗೆ ಕೊಡುವುದು ಮಾತ್ರ ಇಮೇಲ್ ತಾಣದ ಹೆಸರಿನ, ಮೊದಲೇ ಒಪ್ಪಿದ ಪ್ರತಿ. ಬೀಗದ ಚಿಹ್ನೆ ಎಂದಿನಂತೆ ಇರುತ್ತದೆ. ಡಿಸೆಂಬರ್ 28ರಂದು ಕಂಪನಿ ಇದನ್ನು ಸರಿಪಡಿಸಿತು.

2017ರಲ್ಲಿ ಜಾಕಿರ್ ಡುರುಮೆರಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಇಂಥ ನಡುತಡೆಯ ವ್ಯಾಪ್ತಿಯನ್ನು ಅಳೆಯಿತು. ಫೈರ್‌ಫಾಕ್ಸ್ ನವೀಕರಣದ ಸರ್ವರುಗಳಿಗೆ ಬಂದ ಸಂಪರ್ಕಗಳಲ್ಲಿ ಶೇ. 4ರಷ್ಟು ಆಂಟಿವೈರಸ್, ಕಚೇರಿಯ ಜಾಲಸಾಧನ ಮುಂತಾದ ಯಾವುದೋ ಮಧ್ಯವರ್ತಿಯ ಮೂಲಕ ಹಾಯ್ದಿದ್ದವು. ಅಂಥ ಸಂಪರ್ಕಗಳಲ್ಲಿ ಶೇ. 97ರಷ್ಟರ ಭದ್ರತೆ ಮೊದಲಿಗಿಂತ ಕಡಿಮೆಯಾಗಿತ್ತು.

ಫೈರ್‌ಫಾಕ್ಸ್ 65

ಕಣ್ಣಿಗೆ ಕಾಣುವ ದೋಷಗಳ ದೊಡ್ಡ ಅಲೆ ಎದ್ದದ್ದು 2019ರಲ್ಲಿ. ಕ್ರೋಮ್ ಮತ್ತು ಎಡ್ಜ್ ಬ್ರೌಸರ್‌ಗಳು ವಿಂಡೋಸ್‌ನ ಸಂಗ್ರಹದಲ್ಲಿ ಸ್ಥಾಪಿಸಿದ ಮೂಲ ಪ್ರಮಾಣಪತ್ರವನ್ನು ಒಪ್ಪುತ್ತಿದ್ದವು. ಫೈರ್‌ಫಾಕ್ಸ್ ಆಗ ತನ್ನದೇ ಪಟ್ಟಿಯನ್ನು ಮಾತ್ರ ನಂಬುತ್ತಿತ್ತು. ಆದ್ದರಿಂದ ಆಂಟಿವೈರಸ್‌ಗಳು ಆ ಪಟ್ಟಿಯೊಳಗೂ ತಮ್ಮ ಪ್ರಮಾಣಪತ್ರವನ್ನು ತೂರಿಸಬೇಕಿತ್ತು. ಆ ಸೇರ್ಪಡೆ ಎಲ್ಲಿ ತಪ್ಪಿದರೂ ಒಂದೇ ಕಂಪ್ಯೂಟರಿನಲ್ಲಿ ಕ್ರೋಮ್ ಸರಿಯಾಗಿ ನಡೆದು ಫೈರ್‌ಫಾಕ್ಸ್ ಮಾತ್ರ ಪ್ರತಿ ತಾಣದಲ್ಲೂ `SEC_ERROR_UNKNOWN_ISSUER` ಎನ್ನುತ್ತಿತ್ತು.

ಜನವರಿ 29ರಂದು ಫೈರ್‌ಫಾಕ್ಸ್ 65 ಬಿಡುಗಡೆಯಾದ ಬೆನ್ನಿಗೇ ಇಂಥ ದೂರುಗಳು ಹೆಚ್ಚಿದವು. ಮುಖ್ಯವಾಗಿ ಅವಾಸ್ಟ್ ಮತ್ತು ಎವಿಜಿ ಬಳಕೆದಾರರಿಗೆ ಯಾವ ಎಚ್‌ಟಿಟಿಪಿಎಸ್ ತಾಣವೂ ತೆರೆಯಲಿಲ್ಲ. ಮೊಜಿಲ್ಲಾ ವಿಂಡೋಸ್‌ನಲ್ಲಿ ತಾನಾಗಿ ಆಗುವ ನವೀಕರಣವನ್ನು ನಿಲ್ಲಿಸಿತು. ಆ ಎರಡು ಆಂಟಿವೈರಸ್‌ಗಳು ಫೈರ್‌ಫಾಕ್ಸ್‌ನ ಮಟ್ಟಿಗೆ ಎಚ್‌ಟಿಟಿಪಿಎಸ್ ತಪಾಸಣೆಯನ್ನು ಕೈಬಿಟ್ಟ ಮೇಲೆ ನವೀಕರಣ ಮುಂದುವರಿಯಿತು.

ಅದೇ ವರ್ಷದ ಜುಲೈನಲ್ಲಿ ಬಂದ ಫೈರ್‌ಫಾಕ್ಸ್ 68 ರಾಜಿಯ ದಾರಿ ಹಿಡಿಯಿತು. ನಡುತಡೆಯಿಂದ ಬಂದ ದೋಷ ಎಂದು ತೋರಿದರೆ ಅದು `security.enterprise_roots.enabled` ಎಂಬ ಆಯ್ಕೆಯನ್ನು ತಾನೇ ಚಾಲನೆ ಮಾಡಿ, ವಿಂಡೋಸ್ ಸಂಗ್ರಹಕ್ಕೆ ಬಳಕೆದಾರರು ಅಥವಾ ತಂತ್ರಾಂಶಗಳು ಸೇರಿಸಿದ ಪ್ರಮಾಣಪತ್ರಗಳನ್ನು ಓದಿ, ಸಂಪರ್ಕವನ್ನು ಮತ್ತೆ ಯತ್ನಿಸುತ್ತಿತ್ತು. 2023ರ ಫೈರ್‌ಫಾಕ್ಸ್ 120ರಿಂದ ಇದು ಪೂರ್ವನಿಯೋಜಿತ ಕ್ರಮವೇ ಆಯಿತು. ಇದರಿಂದ ದೋಷಸೂಚನೆಗಳು ಇಳಿದವು; ತೀರ್ಮಾನ ಮಾಡುವವರು ಯಾರು ಎಂಬ ಮೂಲ ಪ್ರಶ್ನೆ ಇದ್ದಲ್ಲೇ ಉಳಿಯಿತು.

ಕಾರಣದ ಪತ್ತೆ

ದೋಷ ಒಂದೇ ತಾಣದಲ್ಲಿ ಬಂದರೆ ತಪ್ಪು ಸಾಮಾನ್ಯವಾಗಿ ಆ ತಾಣದ್ದು. ಸಂಬಂಧವಿಲ್ಲದ ಹಲವು ತಾಣಗಳಲ್ಲಿ ಒಮ್ಮೆಗೇ ಬಂದರೆ ಕಾರಣ ಕಂಪ್ಯೂಟರಿನಲ್ಲಿ ಅಥವಾ ಅದು ಸೇರಿದ ಜಾಲದಲ್ಲಿದೆ. ಗಡಿಯಾರ ತಪ್ಪಿದ್ದರೆ ದೋಷಸೂಚನೆ ದಿನಾಂಕವನ್ನು, ಅವಧಿಯನ್ನು ಪ್ರಸ್ತಾಪಿಸುತ್ತದೆ. ಆಂಟಿವೈರಸ್‌ನ ಕೈವಾಡವಿದ್ದರೆ ಪ್ರಮಾಣಪತ್ರವನ್ನು ತೆರೆದು ವಿತರಕರ ಹೆಸರು ಓದಿದಾಗ ತಿಳಿಯುತ್ತದೆ: ಅಲ್ಲಿ ಪ್ರಮಾಣಪತ್ರ ಸಂಸ್ಥೆಯ ಬದಲು `Avast Web/Mail Shield Root`, `ESET SSL Filter CA` ಅಥವಾ `Kaspersky Anti-Virus Personal Root Certificate` ಎಂಬಂಥ ಹೆಸರಿರುತ್ತದೆ. ಅಪರಿಚಿತ ಹೆಸರಿದ್ದು, ಮೊಬೈಲ್ ಜಾಲಕ್ಕೆ ಬದಲಿಸಿದೊಡನೆ ದೋಷ ಮಾಯವಾದರೆ ತಡೆಯುತ್ತಿರುವುದು ವೈಫೈ ಜಾಲ. ಆಗ ಆಂಟಿವೈರಸ್‌ನ ಸೆಟ್ಟಿಂಗ್ ಮುಟ್ಟಿ ಫಲವಿಲ್ಲ.

ಬ್ರೌಸರ್ ಸರಿಯಿದ್ದು ಬೇರೆ ಸಾಧನಗಳು ಮಾತ್ರ ಕೆಡುವುದೂ ಉಂಟು. ಪೈಥಾನ್‌ನ ಲೈಬ್ರರಿಗಳು, ಜಾವಾ, ಗಿಟ್ ತಮ್ಮದೇ ಪಟ್ಟಿಯನ್ನು ಬಳಸಬಹುದಾದ್ದರಿಂದ ದೋಷ ತೋರಿಸುತ್ತವೆ; ಪೈಥಾನ್ ಮತ್ತು ಗಿಟ್‌ನಲ್ಲಿ ಅದು ಸಾಮಾನ್ಯವಾಗಿ `unable to get local issuer certificate` ಎಂದಿರುತ್ತದೆ. ಪರಿಶೀಲನೆಯನ್ನೇ ನಿಲ್ಲಿಸುವುದು ಇದಕ್ಕೆ ಮದ್ದಲ್ಲ. ವಿಂಡೋಸ್‌ನ ಸಂಗ್ರಹವನ್ನು ನಂಬುವಂತೆ ಗಿಟ್‌ಗೆ ಹೇಳಬಹುದು:

```
git config --global http.sslBackend schannel
```

ತಪಾಸಣೆ ನಿಲ್ಲಿಸುವುದು ಯಾವಾಗ ಸೂಕ್ತ

ತಪಾಸಣೆ ನಿಂತರೆ ಆಂಟಿವೈರಸ್ ಪೂರ್ತಿ ನಿಲ್ಲುವುದಿಲ್ಲ. ಡೌನ್‌ಲೋಡ್ ಆದ ಕಡತ ಡಿಸ್ಕಿಗೆ ಬರೆಯಲ್ಪಡುವಾಗ ಮತ್ತು ತೆರೆಯುವಾಗ ಅದರ ಪರೀಕ್ಷೆ ಎಂದಿನಂತೆ ನಡೆಯುತ್ತದೆ. ಕುಖ್ಯಾತ ತಾಣಗಳ ಬಗ್ಗೆ ಬ್ರೌಸರ್‌ಗಳು ತಾವೇ ಎಚ್ಚರಿಸುತ್ತವೆ. ಕೈತಪ್ಪುವುದು ಡಿಸ್ಕನ್ನು ಮುಟ್ಟದೆ ಪುಟದೊಳಗೇ ನಡೆಯುವ ದುಷ್ಟ ಸ್ಕ್ರಿಪ್ಟ್‌ಗಳ ಮತ್ತು ಪುಟದ ಪೂರ್ಣ ವಿಳಾಸದ ಪರೀಕ್ಷೆ.

ಹಾಗಾಗಿ ವಿಂಡೋಸ್ ಮತ್ತು ಬ್ರೌಸರ್ ಎರಡೂ ನವೀಕೃತವಾಗಿರುವ ಸ್ವಂತ ಕಂಪ್ಯೂಟರಿನಲ್ಲಿ, ವಿತರಕರ ಹೆಸರಿನಿಂದ ಕಾರಣ ಖಚಿತವಾಗಿ, ಆಂಟಿವೈರಸ್‌ನ ನವೀಕರಣದಿಂದಲೂ ದೋಷ ಹೋಗದಿದ್ದರೆ ತಪಾಸಣೆಯನ್ನು ನಿಲ್ಲಿಸುವುದು ಸಮಂಜಸ. ತೊಂದರೆ ಒಂದೆರಡು ತಾಣಗಳದ್ದೇ ಆದರೆ ಅವುಗಳಿಗಷ್ಟೇ ವಿನಾಯಿತಿ ಕೊಟ್ಟರೆ ಸಾಕು. ಬ್ರೌಸರ್ ನವೀಕರಣವೇ ನಿಂತುಹೋದ ಹಳೆಯ ವಿಂಡೋಸ್‌ನಲ್ಲಿ, ಸಿಕ್ಕ ಕೊಂಡಿಯನ್ನೆಲ್ಲ ಒತ್ತುವ ಹಲವರು ಹಂಚಿಕೊಂಡ ಯಂತ್ರದಲ್ಲಿ ತಪಾಸಣೆ ಇರುವುದೇ ಲೇಸು. ಕಚೇರಿಯ ಕಂಪ್ಯೂಟರಿನಲ್ಲಿ ಈ ತೀರ್ಮಾನ ಅಲ್ಲಿನ ಐಟಿ ವಿಭಾಗಕ್ಕೆ ಸೇರಿದ್ದು.

ಆಯ್ಕೆಯ ಹೆಸರು ಅವಾಸ್ಟ್‌ನ ವೆಬ್ ಶೀಲ್ಡ್ ವಿಭಾಗದಲ್ಲಿ `Enable HTTPS scanning`, ಬಿಟ್‌ಡಿಫೆಂಡರ್‌ನಲ್ಲಿ `Encrypted web scan`, ಕ್ಯಾಸ್ಪರ್‌ಸ್ಕಿಯ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ `Do not scan encrypted connections`. ಬದಲಿಸಿದ ಮೇಲೆ ಬ್ರೌಸರನ್ನು ಪೂರ್ತಿ ಮುಚ್ಚಿ ತೆರೆದು, ಮೊದಲು ಕೆಟ್ಟಿದ್ದ ತಾಣದಲ್ಲೇ ವಿತರಕರ ಹೆಸರನ್ನು ಮತ್ತೆ ನೋಡಬೇಕು. ಅಲ್ಲಿ ಪ್ರಮಾಣಪತ್ರ ಸಂಸ್ಥೆಯ ಹೆಸರು ಕಂಡರೆ ಸಂಪರ್ಕ ನೇರವಾಗಿದೆ. ಆಂಟಿವೈರಸ್‌ನ ಹೆಸರು ಮಾಯವಾದರೂ ದೋಷ ಉಳಿದಿದ್ದರೆ ಕಾರಣ ಬೇರೆಡೆ ಇದೆ. ಆಗ ತಪಾಸಣೆಯನ್ನು ಮತ್ತೆ ಚಾಲನೆ ಮಾಡಬಹುದು. ತಂತ್ರಾಂಶವನ್ನು ಪೂರ್ತಿ ತೆಗೆದುಹಾಕಿದ ಯಂತ್ರದಲ್ಲಿ `certlm.msc` ತೆರೆದು, ಅದರ ಮೂಲ ಪ್ರಮಾಣಪತ್ರ ನಂಬಿಕೆಯ ಪಟ್ಟಿಯಲ್ಲಿ ಉಳಿದಿದ್ದರೆ ಅಳಿಸಬೇಕು.